ಗೂಢಲಿಪಿ ಬರಲಿ, ಎನ್‌ಕೋಡಿಂಗ್ ಇರಲಿ

ಗಣಕ ಪದಕೋಶವನ್ನು ಅಕಾರಾದಿಯಾಗಿ ಕಟ್ಟುತ್ತ ಹೋದರೆ, ಪ್ರತಿ ಪದದ ತೀರ್ಮಾನವೂ ಸರಿಯೆನಿಸಿ ಒಟ್ಟು ಕೋಶ ಮಾತ್ರ ಗೊಂದಲವಾಗುವುದುಂಟು. ಆದ್ದರಿಂದ ನಾನು ಒಂದೇ ಕಡೆ ಬಳಕೆಯಾಗುವ ಪದಗಳನ್ನು ಗುಂಪಾಗಿ ಎದುರಿಗಿಟ್ಟುಕೊಂಡೇ ಕನ್ನಡ ಪದ ಕಟ್ಟಬೇಕೇ, ಇಂಗ್ಲಿಷ್ ಪದವನ್ನೇ ಉಳಿಸಬೇಕೇ ಎಂದು ನಿರ್ಧರಿಸುತ್ತೇನೆ. ಎನ್‌ಕೋಡಿಂಗ್, ಎನ್‌ಕ್ರಿಪ್ಷನ್ ಮತ್ತು ಹ್ಯಾಷ್ ಅಂಥದೊಂದು ಗುಂಪು.

ಮೊದಲೆರಡಕ್ಕೂ ಥಟ್ಟನೆ ಹೊಳೆಯುವುದು 'ಸಂಕೇತೀಕರಣ'. ಆದರೆ ಎರಡೂ ಬೇರೆ ಬೇರೆ ಕೆಲಸಗಳು. 'ಕ' ಅಕ್ಷರಕ್ಕೆ ಯೂನಿಕೋಡ್ ಕೊಟ್ಟಿರುವ ಸಂಖ್ಯೆ `U+0C95`. ಅದು UTF-8 ರೂಪದಲ್ಲಿ `E0 B2 95` ಎಂಬ ಮೂರು ಬೈಟುಗಳಾಗುತ್ತದೆ, ಬೈಟುಗಳನ್ನು ಸಾದಾ ಅಕ್ಷರ, ಅಂಕಿಗಳಲ್ಲಿ ಬರೆಯುವ Base64 ರೂಪಕ್ಕೆ ಅವುಗಳನ್ನು ಬದಲಿಸಿದರೆ `4LKV` ಎಂದು ಕಾಣುತ್ತದೆ. ನೋಡಲು ಗುಟ್ಟಿನ ಬರಹದಂತಿದ್ದರೂ ಇದರಲ್ಲಿ ಗುಟ್ಟೇನೂ ಇಲ್ಲ. ನಿಯಮ ಬಹಿರಂಗವಾಗಿರುವುದರಿಂದ ಯಾರು ಬೇಕಾದರೂ ಹಿಂದಕ್ಕೆ ಓದಬಹುದು. ಎನ್‌ಕ್ರಿಪ್ಷನ್ನಿನಲ್ಲಾದರೋ ಕೀಲಿ ಇಲ್ಲದವರಿಗೆ ಓದಲು ಬಾರದಂತೆ ಮಾಡುವುದೇ ಉದ್ದೇಶ. ಎರಡನ್ನೂ ಸಂಕೇತೀಕರಣವೆಂದು ಕರೆದರೆ, ಪಾಸ್‌ವರ್ಡನ್ನು Base64ನಲ್ಲಿ ಬರೆದಿಟ್ಟವರು ಅದನ್ನು ಬಚ್ಚಿಟ್ಟೆವೆಂದೇ ನಂಬುವ ಅಪಾಯವಿದೆ.

ಎನ್‌ಕ್ರಿಪ್ಷನ್ನಿಗೆ ಕನ್ನಡ ಪದ ಬೇಕೆಂಬುದು ನನ್ನ ನಿಲುವು, ಏಕೆಂದರೆ ಅದು ಸಾಮಾನ್ಯ ಬಳಕೆದಾರರ ಎಚ್ಚರಿಕೆಗೆ ಸಂಬಂಧಿಸಿದ್ದು ಮತ್ತು 'ಗೂಢಲಿಪಿ' ನಮ್ಮಲ್ಲಿ ಮೊದಲೇ ಇರುವ ಮಾತು. ಫೋಟೋ, ಧ್ವನಿಗಳನ್ನೂ ಹೀಗೆ ಮರೆಮಾಡುವುದರಿಂದ 'ಲಿಪಿ' ಎಂಬುದು ಅಷ್ಟು ನಿಖರವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ, ಆದರೂ ಓದುಗರಿಗೆ ಅರ್ಥ ತಪ್ಪುವುದಿಲ್ಲ. ನಿಜವಾದ ತೊಡಕು ಪದ ವಾಕ್ಯದೊಳಗೆ ಬಂದಾಗ ಎದುರಾಗುತ್ತದೆ. 'ಗೂಢಲಿಪೀಕರಣ' ಶೀರ್ಷಿಕೆಯಲ್ಲಿ ಹೇಗೋ ನಡೆದೀತು. 'ಗೂಢಲಿಪೀಕರಿಸಲ್ಪಟ್ಟ ಕಡತವನ್ನು ತೆರೆಯಲಾಗಲಿಲ್ಲ' ಎಂಬ ದೋಷಸಂದೇಶವನ್ನು ಯಾರೂ ಪೂರ್ತಿ ಓದಲಾರರು. ಆದ್ದರಿಂದ ನಾಮಪದವನ್ನಷ್ಟೇ ಕೋಶಕ್ಕೆ ಸೇರಿಸಿ, ಕ್ರಿಯೆಗೆ 'ಗೂಢಲಿಪಿಗೆ ಬದಲಿಸು', 'ಗೂಢಲಿಪಿ ಬಿಡಿಸು' ಎಂಬ ರೂಪಗಳನ್ನು ಸೂಚಿಸುತ್ತೇನೆ. ಆಗ ಆ ಸಂದೇಶ 'ಗೂಢಲಿಪಿಯಲ್ಲಿರುವ ಕಡತ ತೆರೆಯಲಿಲ್ಲ' ಎಂದಾಗುತ್ತದೆ.

ಎನ್‌ಕೋಡಿಂಗನ್ನು ಹಾಗೆಯೇ ಉಳಿಸುತ್ತೇನೆ. ಅದನ್ನು ಬಳಸುವವರು ಹೆಚ್ಚಾಗಿ ಪ್ರೋಗ್ರಾಂ ಬರೆಯುವವರು. ಅವರ ಕೋಡಿನಲ್ಲೇ `encode()` ಇರುವಾಗ, ಹೊಸ ಪದ ಕೊಟ್ಟರೆ ಅವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿಕೊಂಡೇ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. 'ಎನ್‌ಕೋಡ್ ಮಾಡಿದ', 'ಎನ್‌ಕೋಡ್ ಆಗದ' ಎಂದು ಕನ್ನಡದ ಕ್ರಿಯಾಪದಗಳೂ ಇದಕ್ಕೆ ಸಲೀಸಾಗಿ ಸೇರುತ್ತವೆ.

ಹ್ಯಾಷ್ ಕೂಡ ಹಾಗೆಯೇ ಇರಬೇಕು, ಆದರೆ ಕಾರಣ ಬೇರೆ. ಹ್ಯಾಷ್ ಎಂದರೆ ಪಠ್ಯದಿಂದ ಲೆಕ್ಕಹಾಕಿ ತೆಗೆದ ನಿಗದಿತ ಉದ್ದದ ಗುರುತು, ಅದರಿಂದ ಮೂಲ ಪಠ್ಯವನ್ನು ಮರಳಿ ಪಡೆಯುವ ಕೀಲಿ ಎಂಬುದೇ ಇರುವುದಿಲ್ಲ. ಅದಕ್ಕೆ 'ಗೂಢ' ಸೇರಿಸಿ ಪದ ಕಟ್ಟಿದರೆ, ಗೂಢಲಿಪಿಯಂತೆ ಇದನ್ನೂ ಬಿಡಿಸಬಹುದೆಂಬ ಭಾವನೆ ಹುಟ್ಟುತ್ತದೆ. ಹೀಗೆ ಕೈಬಿಟ್ಟ ಪದವನ್ನೂ ಬಿಟ್ಟ ಕಾರಣವನ್ನೂ ಆ ನಮೂದಿನ ಟಿಪ್ಪಣಿಯಲ್ಲೇ ಬರೆದಿಡುತ್ತೇನೆ, ಇಲ್ಲವಾದರೆ ಮುಂದಿನ ಪರಿಷ್ಕರಣೆಯಲ್ಲಿ ಯಾರಾದರೂ ಅದೇ ಪದವನ್ನು ಹೊಸದೆಂದು ತಂದು ಸೇರಿಸುತ್ತಾರೆ.