ಸಿಲ್ಡೆನಾಫಿಲ್, ಟಡಾಲಾಫಿಲ್: 4 ಗಂಟೆ ಮತ್ತು 17.5 ಗಂಟೆಯ ಲೆಕ್ಕ

ಸಿಲ್ಡೆನಾಫಿಲ್, ಟಡಾಲಾಫಿಲ್ ಎರಡೂ ನಿಮಿರುವಿಕೆಯ ತೊಂದರೆಗೆ ಕೊಡುವ, ಪಿಡಿಇ5 ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳು. ಉದ್ರೇಕವಾದಾಗ ಶಿಶ್ನದ ನರಗಳಿಂದ ನೈಟ್ರಿಕ್ ಆಕ್ಸೈಡ್ ಹೊರಬರುತ್ತದೆ. ಅದರಿಂದ ಸಿಜಿಎಂಪಿ ಎಂಬ ಸಂದೇಶವಾಹಕ ಅಣು ಹೆಚ್ಚಿ, ರಕ್ತನಾಳದ ಸ್ನಾಯು ಸಡಿಲಗೊಂಡು, ರಕ್ತ ತುಂಬಿಕೊಳ್ಳುತ್ತದೆ. ಪಿಡಿಇ5 ಈ ಸಿಜಿಎಂಪಿಯನ್ನು ಒಡೆದುಹಾಕುತ್ತದೆ. ಮಾತ್ರೆ ಆ ಒಡೆಯುವಿಕೆಯನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಅಂದರೆ ಉದ್ರೇಕವೇ ಇಲ್ಲದಿದ್ದರೆ ನೈಟ್ರಿಕ್ ಆಕ್ಸೈಡ್ ಬರುವುದಿಲ್ಲ, ಉಳಿಸಿಕೊಳ್ಳಲು ಸಿಜಿಎಂಪಿಯೂ ಇರುವುದಿಲ್ಲ, ಮಾತ್ರೆ ನುಂಗಿ ಟಿವಿ ನೋಡುತ್ತ ಕುಳಿತರೆ ಏನೂ ಆಗುವುದಿಲ್ಲ. ಇಲ್ಲಿಯವರೆಗೆ ಎರಡಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸದ ಬಹುಪಾಲು ಒಂದೇ ಸಂಖ್ಯೆಯಿಂದ ಹುಟ್ಟುತ್ತದೆ, ಅದು ಅರ್ಧಾಯು. ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಸಿಲ್ಡೆನಾಫಿಲ್‌ಗೆ ಸುಮಾರು 4 ಗಂಟೆ ಬೇಕು, ಟಡಾಲಾಫಿಲ್‌ಗೆ 17.5 ಗಂಟೆ.

ಎಲ್ಲರೂ ಎಡವುವ ಜಾಗ: ಮೂರು ಬೇರೆ ಬೇರೆ ಗಡಿಯಾರ

"ಟಡಾಲಾಫಿಲ್ 36 ಗಂಟೆ" ಎಂದು ಓದಿದ ಕೂಡಲೇ ತಲೆಯಲ್ಲಿ ಎರಡು ತಪ್ಪು ಚಿತ್ರಗಳು ಮೂಡುತ್ತವೆ. ಒಂದು, 36 ಗಂಟೆ ನಿಮಿರುವಿಕೆ ಇಳಿಯುವುದೇ ಇಲ್ಲ ಎಂಬುದು. ಇನ್ನೊಂದು, ಅಷ್ಟು ದೀರ್ಘ ಔಷಧ ಶುರುವಾಗುವುದೂ ಅಷ್ಟೇ ನಿಧಾನ ಎಂಬುದು. ಎರಡೂ ಸರಿಯಲ್ಲ. ಶುರುವಾಗುವ ಹೊತ್ತು, ಗರಿಷ್ಠ ಮಟ್ಟ ತಲುಪುವ ಹೊತ್ತು, ಪರಿಣಾಮ ಉಳಿಯುವ ಅವಧಿ, ಈ ಮೂರನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಬೇಕು.

ಖಾಲಿ ಹೊಟ್ಟೆಯಲ್ಲಿ ಸಿಲ್ಡೆನಾಫಿಲ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು 30 ನಿಮಿಷದಿಂದ 2 ಗಂಟೆ ಹಿಡಿಯುತ್ತದೆ, ನಡುವಿನ ಅಂಕಿ 1 ಗಂಟೆ. ಅದಕ್ಕೇ "ಸುಮಾರು 1 ಗಂಟೆ ಮೊದಲು" ಎಂಬ ಸೂಚನೆ. ಅರ್ಧ ಗಂಟೆಯಿಂದ 4 ಗಂಟೆ ಮೊದಲಿನವರೆಗೆ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಟಡಾಲಾಫಿಲ್‌ನ ಗರಿಷ್ಠ ಮಟ್ಟ 30 ನಿಮಿಷದಿಂದ 6 ಗಂಟೆಯವರೆಗೆ ಎಲ್ಲಿ ಬೇಕಾದರೂ ಬೀಳಬಹುದು, ನಡುವಿನ ಅಂಕಿ 2 ಗಂಟೆ. ಕೆಲವರಿಗೆ ಅರ್ಧ ಗಂಟೆಯಲ್ಲೇ ಕೆಲಸ ಮಾಡುತ್ತದೆ. ಆದರೆ ಹೊಸಬರಿಗೆ 2 ಗಂಟೆ ಬಿಟ್ಟುಕೊಳ್ಳಲು ಹೇಳುವುದೇ ಪ್ರಾಯೋಗಿಕ.

ಇನ್ನು 36 ಗಂಟೆ ಎಂದರೆ ಅಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ ಎಂದರ್ಥ. ಆ ಅವಧಿಯಲ್ಲಿ ಉದ್ರೇಕವಾದರೆ ಮಾತ್ರೆಯ ನೆರವು ಸಿಗುತ್ತದೆ. 20 ಮಿ.ಗ್ರಾಂ ನುಂಗಿ 36 ಗಂಟೆಯಾದಾಗ ಎಷ್ಟು ಉಳಿದಿರುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿದರೆ ಇದು ಮರೆಯುವುದಿಲ್ಲ.

```
ಟಡಾಲಾಫಿಲ್ 20 mg, 36 ಗಂಟೆ:  20 × (1/2)^(36/17.5) ≈ 4.8 mg
ಸಿಲ್ಡೆನಾಫಿಲ್ 50 mg, 12 ಗಂಟೆ: 50 × (1/2)^(12/4)    ≈ 6.3 mg
```

ಇದು ಒರಟು ಲೆಕ್ಕ, ಹೀರಿಕೊಳ್ಳುವ ಹಂತವನ್ನು ಬಿಟ್ಟಿದ್ದೇವೆ. ಆದರೂ ಮೊದಲ ಸಾಲು ನೋಡಿ. ಒಂದೂವರೆ ದಿನದ ನಂತರವೂ ಹೆಚ್ಚುಕಡಿಮೆ 5 ಮಿ.ಗ್ರಾಂ ಉಳಿದಿದೆ, ಅದು ದಿನಕ್ಕೊಂದರಂತೆ ಕೊಡುವ ಟಡಾಲಾಫಿಲ್ ಮಾತ್ರೆಯಷ್ಟೇ ಪ್ರಮಾಣ. 36 ಗಂಟೆಯಲ್ಲಿ ಇನ್ನೂ ಕೆಲಸ ಮಾಡುವುದು ಏಕೆಂದು ಇದರಿಂದಲೇ ತಿಳಿಯುತ್ತದೆ. ಎರಡನೆಯ ಸಾಲಿನ 6.3 ದೊಡ್ಡದಾಗಿ ಕಂಡರೂ ಮೋಸಹೋಗಬೇಡಿ. ಸಿಲ್ಡೆನಾಫಿಲ್‌ನ ನಿಮಿರುವಿಕೆಗೆ ಕೊಡುವ ಅತಿ ಸಣ್ಣ ಮಾತ್ರೆಯೇ 25 ಮಿ.ಗ್ರಾಂ, ಅದರ ಕಾಲು ಭಾಗ ಮಾತ್ರ ಇದು. ಒಂದರ ಮಿಲಿಗ್ರಾಂ ಇನ್ನೊಂದರ ಮಿಲಿಗ್ರಾಮಿಗೆ ಸಮವಲ್ಲ.

ಸಿಲ್ಡೆನಾಫಿಲ್‌ನ ಪರಿಣಾಮಕ್ಕೆ ಹೇಳುವ "4 ಗಂಟೆ" ಕೂಡ ಗೋಡೆಯಲ್ಲ, ಇಳಿಜಾರು. ಐದನೆಯ ಗಂಟೆಯಲ್ಲೂ ಅನೇಕರಿಗೆ ಪರಿಣಾಮ ಇರುತ್ತದೆ, ಎರಡನೆಯ ಗಂಟೆಯಷ್ಟು ಇರುವುದಿಲ್ಲ.

ದಿನಕ್ಕೊಂದು ಮಾತ್ರೆಗೆ ಐದು ದಿನ ಏಕೆ ಬೇಕು

ಟಡಾಲಾಫಿಲ್ ಅನ್ನು ಬೇಕಾದಾಗ 10 ಅಥವಾ 20 ಮಿ.ಗ್ರಾಂ ಕೊಡುವುದು ಒಂದು ಕ್ರಮ. ಪ್ರತಿದಿನ ಒಂದೇ ಹೊತ್ತಿಗೆ 2.5 ಅಥವಾ 5 ಮಿ.ಗ್ರಾಂ ಕೊಡುವುದು ಇನ್ನೊಂದು. ಪ್ರಾಸ್ಟೇಟ್ ಊದಿಕೊಂಡು ಮೂತ್ರದ ತೊಂದರೆ ಇರುವವರಿಗೂ 5 ಮಿ.ಗ್ರಾಂ ಹೀಗೆ ದಿನವೂ ಕೊಡುತ್ತಾರೆ. "ನಿನ್ನೆ ಶುರು ಮಾಡಿದೆ, ಏನೂ ಇಲ್ಲ" ಎಂಬ ದೂರು ಬರುವುದು ಇಲ್ಲಿಯೇ. 24 ಗಂಟೆಯಲ್ಲಿ ಮಾತ್ರೆಯ 39% ಉಳಿದಿರುತ್ತದೆ, ಅದರ ಮೇಲೆ ಮರುದಿನದ ಮಾತ್ರೆ ಕೂಡುತ್ತದೆ.

```
ದಿನ 1:            5.0 mg
ದಿನ 2: 1.9 + 5 = 6.9 mg
ದಿನ 3: 2.7 + 5 = 7.7 mg
ದಿನ 4: 3.0 + 5 = 8.0 mg
ದಿನ 5: 3.1 + 5 = 8.1 mg
```

ಐದನೆಯ ದಿನಕ್ಕೆ ಏರಿಕೆ ನಿಲ್ಲುತ್ತದೆ. ಮೊದಲ ದಿನಕ್ಕಿಂತ 1.6 ಪಟ್ಟು, ಪುಸ್ತಕದಲ್ಲಿರುವುದೂ ಅದೇ ಅಂಕಿ. ಸಿಲ್ಡೆನಾಫಿಲ್ 50 ಅನ್ನು ದಿನಕ್ಕೊಂದರಂತೆ ನುಂಗಿದರೂ ಹೀಗೆ ಕೂಡಿಕೊಳ್ಳುವುದಿಲ್ಲ. 24 ಗಂಟೆ ಎಂದರೆ ಅದಕ್ಕೆ ಆರು ಅರ್ಧಾಯು, ಉಳಿಯುವುದು 2%ಕ್ಕಿಂತ ಕಡಿಮೆ.

ಊಟ: ಸಿಲ್ಡೆನಾಫಿಲ್ ಸೋತಂತೆ ಕಾಣುವ ರಾತ್ರಿ

ಶನಿವಾರ ರಾತ್ರಿ 9ಕ್ಕೆ ಮಟನ್ ಬಿರಿಯಾನಿ, ಜೊತೆಗೆ ಚಾಪ್ಸ್. 9:30ಕ್ಕೆ ಸಿಲ್ಡೆನಾಫಿಲ್ 50. 10:30 ಆಯಿತು, ಏನೂ ಇಲ್ಲ. ಮಾತ್ರೆ ಡೂಪ್ಲಿಕೇಟ್ ಇರಬೇಕು ಎಂದುಕೊಂಡು ಇನ್ನೊಂದು ನುಂಗುತ್ತಾರೆ. ಮಧ್ಯರಾತ್ರಿಯ ಹೊತ್ತಿಗೆ ತಲೆ ಸಿಡಿಯುತ್ತದೆ, ಮುಖ ಕಾದ ಹೆಂಚಿನಂತಾಗುತ್ತದೆ.

ಆಗಿದ್ದಿಷ್ಟು. ಕೊಬ್ಬು ಹೆಚ್ಚಿರುವ ಊಟ ಹೊಟ್ಟೆಯಿಂದ ಕರುಳಿಗೆ ನಿಧಾನವಾಗಿ ಇಳಿಯುತ್ತದೆ. ಮಾತ್ರೆ ಕರಗಿ ಹೀರಿಕೆಯಾಗಬೇಕಾದ್ದು ಕರುಳಿನಲ್ಲಿ, ಹಾಗಾಗಿ ಅದೂ ಬಿರಿಯಾನಿಯ ಜೊತೆ ಸರದಿಯಲ್ಲಿ ಕಾಯುತ್ತದೆ. ಕೊಬ್ಬಿನೂಟದ ಜೊತೆ ತೆಗೆದುಕೊಂಡಾಗ ಸಿಲ್ಡೆನಾಫಿಲ್‌ನ ಗರಿಷ್ಠ ಮಟ್ಟ ಸರಾಸರಿ 1 ಗಂಟೆ ತಡವಾಗುತ್ತದೆ, ಶಿಖರದ ಎತ್ತರ 29% ತಗ್ಗುತ್ತದೆ. ಆದರೆ ಒಟ್ಟಾರೆ ದೇಹಕ್ಕೆ ಸೇರುವ ಪ್ರಮಾಣ ಕಡಿಮೆಯಾಗುವುದು ಸುಮಾರು 11% ಮಾತ್ರ. ಈ ಕೊನೆಯ ಅಂಕಿಯನ್ನು ಬಿಟ್ಟುಬಿಡಬೇಡಿ. ಔಷಧ ಹಾಳಾಗಿಲ್ಲ, ತಡವಾಗಿದೆ, ಚಪ್ಪಟೆಯಾಗಿದೆ. ಆದ್ದರಿಂದಲೇ ಎರಡನೆಯ ಮಾತ್ರೆ ಅಪಾಯ. ಮೊದಲನೆಯದು 11:30ರ ಸುಮಾರಿಗೆ ತಲುಪುತ್ತದೆ, ಅದರ ಬೆನ್ನಿಗೇ ಎರಡನೆಯದು. ಸಿಲ್ಡೆನಾಫಿಲ್ 24 ಗಂಟೆಗೆ ಒಂದೇ ಬಾರಿ.

ಸರಿಯಾದ ದಾರಿ ಸುಲಭ. ಮಾತ್ರೆಯನ್ನು ಊಟಕ್ಕೆ ಮೊದಲೇ ತೆಗೆದುಕೊಂಡು ಹೀರಿಕೆಗೆ ಹೊತ್ತು ಕೊಡುವುದು. ಇಲ್ಲವೇ ಇಡ್ಲಿ, ಅನ್ನ-ತಿಳಿಸಾರಿನಂಥ ಹಗುರ ಊಟ ಮಾಡುವುದು. ಎಣ್ಣೆ-ತುಪ್ಪದ ಊಟ ಆಗಿಬಿಟ್ಟಿದ್ದರೆ ಎರಡು ಗಂಟೆ ಬಿಟ್ಟು ತೆಗೆದುಕೊಳ್ಳುವುದು. "ಕೆಲಸ ಮಾಡಲಿಲ್ಲ" ಎನ್ನುವವರಿಗೆ ಪ್ರಮಾಣ ಏರಿಸುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ "ಏನು ಊಟ ಮಾಡಿದ್ದಿರಿ, ಎಷ್ಟು ಹೊತ್ತಿಗೆ?"

ಟಡಾಲಾಫಿಲ್‌ಗೆ ಊಟದ ಗೊಡವೆಯಿಲ್ಲ. ಹೀರಿಕೆಯ ವೇಗವೂ ಪ್ರಮಾಣವೂ ಊಟದಿಂದ ಬದಲಾಗುವುದಿಲ್ಲ. ಮದ್ಯದ ವಿಷಯದಲ್ಲಿ ಮಾತ್ರ ಎರಡೂ ಒಂದೇ. ಹೆಚ್ಚು ಕುಡಿದರೆ ರಕ್ತದೊತ್ತಡ ಇಳಿದು ಎದ್ದು ನಿಂತಾಗ ತಲೆಸುತ್ತುತ್ತದೆ, ಕುಡಿತ ತಾನೇ ನಿಮಿರುವಿಕೆಯನ್ನೂ ಕೆಡಿಸುತ್ತದೆ.

ಅಡ್ಡಪರಿಣಾಮ: ಯಾವ ಕಿಣ್ವ ತಪ್ಪಾಗಿ ಸಿಕ್ಕಿಕೊಂಡಿತು

ತಲೆನೋವು, ಮುಖ ಬಿಸಿಯಾಗಿ ಕೆಂಪೇರುವುದು, ಮೂಗು ಕಟ್ಟುವುದು, ಎದೆಯುರಿ, ಇವು ಎರಡರಲ್ಲೂ ಉಂಟು. ರಕ್ತನಾಳ ಹಿಗ್ಗುವುದು ಬರೀ ಒಂದು ಜಾಗದಲ್ಲಲ್ಲ ಎಂಬುದೇ ಕಾರಣ. ಮುಖ ಕೆಂಪೇರುವುದು ಸಿಲ್ಡೆನಾಫಿಲ್‌ನಲ್ಲಿ ಎದ್ದು ಕಾಣುತ್ತದೆ.

ಇವನ್ನು ಬಿಟ್ಟು, ಎರಡಕ್ಕೂ ಬೇರೆಯಾಗಿರುವ ಅಡ್ಡಪರಿಣಾಮ ಒಂದೊಂದಿದೆ. ಸಿಲ್ಡೆನಾಫಿಲ್ ಕಣ್ಣಿನ ಅಕ್ಷಿಪಟಲದಲ್ಲಿರುವ ಪಿಡಿಇ6 ಎಂಬ ಕಿಣ್ವವನ್ನೂ ಸ್ವಲ್ಪ ತಡೆಯುತ್ತದೆ. ಅದರಿಂದ ಕೆಲವರಿಗೆ, ಅದರಲ್ಲೂ 100 ಮಿ.ಗ್ರಾಂನಲ್ಲಿ, ನೋಟಕ್ಕೆ ನೀಲಿ ಛಾಯೆ ಬರುತ್ತದೆ, ಬೆಳಕು ಚುಚ್ಚುತ್ತದೆ, ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಒಂದು ಕಣ್ಣು ಇದ್ದಕ್ಕಿದ್ದಂತೆ ಮಂಜಾದರೆ ಅದು ಈ ಲೆಕ್ಕಕ್ಕೆ ಸೇರಿದ್ದಲ್ಲ, ಮಾತ್ರೆ ನಿಲ್ಲಿಸಿ ತಕ್ಷಣ ಕಣ್ಣಿನ ವೈದ್ಯರ ಬಳಿ ಹೋಗಬೇಕು.

ಟಡಾಲಾಫಿಲ್‌ನ ಗುರುತು ಸೊಂಟನೋವು, ತೊಡೆ-ಮೀನಖಂಡದ ನೋವು. ಇದು ಮಾತ್ರೆ ನುಂಗಿದ ಕೂಡಲೇ ಬರುವುದಿಲ್ಲ, 12ರಿಂದ 24 ಗಂಟೆ ಬಿಟ್ಟು ಬರುತ್ತದೆ. ಶುಕ್ರವಾರ ರಾತ್ರಿ ನುಂಗಿದವರು ಶನಿವಾರ ಮಧ್ಯಾಹ್ನ ಸೊಂಟ ಹಿಡಿದುಕೊಂಡು, ಸಿಲಿಂಡರ್ ಎತ್ತಿದ್ದಕ್ಕೆ ಉಳುಕಿತು ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ 48 ಗಂಟೆಯೊಳಗೆ ತಾನಾಗಿ ಹೋಗುತ್ತದೆ, ಬೇಕಾದರೆ ಪ್ಯಾರಾಸಿಟಮಾಲ್ ಸಾಕು.

ಅರ್ಧಾಯುವಿನ ಇನ್ನೊಂದು ಮುಖ ಇಲ್ಲಿದೆ. ಸಿಲ್ಡೆನಾಫಿಲ್‌ನ ತಲೆನೋವು ಬೆಳಗಾಗುವಷ್ಟರಲ್ಲಿ ಇಳಿಯುತ್ತದೆ. ಟಡಾಲಾಫಿಲ್ ಒಗ್ಗದವರಿಗೆ ಅದು ಮರುದಿನಕ್ಕೂ ಎಳೆಯಬಹುದು. ಹಾಗಾಗಿ ಯಾವುದು ಒಗ್ಗುತ್ತದೆಂದು ಗೊತ್ತಿಲ್ಲದವರಿಗೆ ಸಿಲ್ಡೆನಾಫಿಲ್‌ನಿಂದ ಶುರು ಮಾಡುವುದು ವಾಸಿ ಅನ್ನಿಸುತ್ತದೆ.

ನೈಟ್ರೇಟ್: ಅದೇ ಲೆಕ್ಕ, ಈ ಬಾರಿ ಜೀವದ ಪ್ರಶ್ನೆ

ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್‌ನಂಥ ನೈಟ್ರೇಟ್‌ಗಳು ನೇರವಾಗಿ ನೈಟ್ರಿಕ್ ಆಕ್ಸೈಡ್ ಕೊಡುತ್ತವೆ. ಒಂದು ಕಡೆ ಸಿಜಿಎಂಪಿ ಉಕ್ಕುತ್ತದೆ, ಇನ್ನೊಂದು ಕಡೆ ಅದನ್ನು ಒಡೆಯುವ ಕಿಣ್ವ ಕಟ್ಟಿಹೋಗಿದೆ. ರಕ್ತದೊತ್ತಡ ಕುಸಿದುಬೀಳುತ್ತದೆ. ನೈಟ್ರೇಟ್ ತೆಗೆದುಕೊಳ್ಳುವವರಿಗೆ ಎರಡೂ ಮಾತ್ರೆ ಕೂಡದು. ಎದೆನೋವಿನ ಇನ್ನೊಂದು ಔಷಧ ನಿಕೊರಾಂಡಿಲ್ ಕೂಡ ಇದೇ ಗುಂಪಿಗೆ ಸೇರುತ್ತದೆ.

ಮಾತ್ರೆ ನುಂಗಿದವರಿಗೆ ಆಮೇಲೆ ಎದೆನೋವು ಬಂದರೆ? ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಶುಕ್ರವಾರ ರಾತ್ರಿ 10ಕ್ಕೆ ಟಡಾಲಾಫಿಲ್ 20 ನುಂಗಿದವರಿಗೆ ಭಾನುವಾರ ಬೆಳಿಗ್ಗೆ 8ಕ್ಕೆ ಎದೆನೋವು ಬಂತೆನ್ನಿ. ಅವರ ಮನಸ್ಸಿನಲ್ಲಿ ಅದು ಮೊನ್ನೆಯ ಮಾತು. ಆದರೆ ಕಳೆದಿರುವುದು 34 ಗಂಟೆ, ಮೇಲಿನ ಸೂತ್ರಕ್ಕೆ ಹಾಕಿದರೆ ಇನ್ನೂ 5.2 ಮಿ.ಗ್ರಾಂ ಉಳಿದಿದೆ. ಮನೆಯ ಹಿರಿಯರ ಡಬ್ಬಿಯಿಂದ ಸಾರ್ಬಿಟ್ರೇಟ್ ತೆಗೆದು ನಾಲಿಗೆ ಕೆಳಗಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. 108ಕ್ಕೆ ಕರೆ ಮಾಡಿ, ಕ್ಯಾಶುವಾಲ್ಟಿಯಲ್ಲಿ ಮಾತ್ರೆಯ ಹೆಸರು, ಪ್ರಮಾಣ, ನುಂಗಿದ ಹೊತ್ತು ಮೂರನ್ನೂ ಹೇಳಬೇಕು. ಪಕ್ಕದಲ್ಲಿ ಮಗ, ಸೊಸೆ ನಿಂತಿದ್ದರೆ ರೋಗಿ ಬಾಯಿ ಬಿಡುವುದಿಲ್ಲ. ಅವರನ್ನು ಆಚೆ ಕಳಿಸಿ ಕೇಳುವುದು ವಿಚಾರಿಸುವವರ ಕೆಲಸ.

ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್‌ನಂಥ ಆಲ್ಫಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ರಕ್ತದೊತ್ತಡ ಇಳಿಯಬಹುದು, ಅಲ್ಲಿ ಸಿಲ್ಡೆನಾಫಿಲ್ 25ರಿಂದ ಶುರು. 65 ದಾಟಿದವರಿಗೂ, ಲಿವರ್ ತೊಂದರೆ ಇರುವವರಿಗೂ ಅದೇ 25. ಯಾವ ಮಾತ್ರೆಯಾದರೂ ನಿಮಿರುವಿಕೆ 4 ಗಂಟೆ ಮೀರಿ ಇಳಿಯದಿದ್ದರೆ ಅದು ತುರ್ತು ಸ್ಥಿತಿ. ಒಳಗೆ ನಿಂತ ರಕ್ತದಲ್ಲಿ ಆಮ್ಲಜನಕ ಮುಗಿದು ಅಂಗಾಂಶ ಸಾಯತೊಡಗುತ್ತದೆ, ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.