ಕಟ್ಟಿದ್ದು 1,200, ಶಿಲ್ಕು ಇಳಿದದ್ದು 600

ನಾನು ಸಹಕಾರ ಸಂಘಗಳ ಲೆಕ್ಕ ಪರಿಶೋಧನೆ ಮಾಡುವವನು. ಆಡಿಟ್‌ಗೆ ಹೋದಾಗ ಕೆಲವು ಸದಸ್ಯರ ಪಾಸ್‌ಬುಕ್ ತರಿಸಿಕೊಂಡು ಸಂಘದ ಲೆಡ್ಜರ್ ಜೊತೆ ತಾಳೆ ನೋಡುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಪತ್ತಿನ ಸಂಘದಲ್ಲಿ ಹೀಗೆ ಕೂತಿದ್ದಾಗ, ಬಟ್ಟೆ ಹೊಲಿಯುವ ಕೆಲಸ ಮಾಡುವ ಒಬ್ಬರು ತಮ್ಮ ಪಾಸ್‌ಬುಕ್ ಹಿಡಿದು ಬಂದರು. ಕೈಬರಹದ ಪಾಸ್‌ಬುಕ್ ಅದು.

"ಸರ್, ದುಡ್ಡು ಕಟ್ಟಿದ ದಿನವೇ ನನ್ನ ದುಡ್ಡು ಕಡಿಮೆ ಆಗಿದೆ. ನೋಡಿ. 11,750 ಇತ್ತು. 1,200 ಕಟ್ಟಿದೆ. ಆಮೇಲೆ 11,150 ಅಂತ ಬರೆದಿದ್ದಾರೆ."

ಪಕ್ಕದಲ್ಲಿದ್ದ ಗುಮಾಸ್ತರು ಹೇಳಿದರು: "ಕೊನೆಯ ಶಿಲ್ಕು ಸರಿ ಇದೆಯಲ್ಲಮ್ಮ. ಲೆಡ್ಜರ್‌ಗೂ ಕೂಡುತ್ತೆ."

ಇಬ್ಬರ ಮಾತೂ ನಿಜವಾಗಿತ್ತು. ಆ ಪುಟದ ಆರಂಭದ ಶಿಲ್ಕು 8,250. ಕಟ್ಟಿದ್ದೆಲ್ಲ ಕೂಡಿದರೆ 9,800. ತೆಗೆದದ್ದೆಲ್ಲ ಕೂಡಿದರೆ 4,900. ಲೆಕ್ಕ ಹಾಕಿದರೆ 13,150 ಬರುತ್ತದೆ. ಪುಟದ ಕೊನೆಯಲ್ಲೂ 13,150 ಎಂದೇ ಇತ್ತು. ಒಟ್ಟು ಮೊತ್ತ ಮಾತ್ರ ನೋಡುವವರು ಇಲ್ಲಿಗೆ ಟಿಕ್ ಹಾಕಿ ಎದ್ದು ಹೋಗುತ್ತಾರೆ. ಆದರೆ ಆಕೆಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಸಾಲು ಸಾಲಾಗಿ ಇಳಿಯಲೇಬೇಕು.

ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಕ್ಯಾಲ್ಕುಲೇಟರ್. ಉಳಿತಾಯ ಖಾತೆಯಲ್ಲಿ ಹಿಂದಿನ ಶಿಲ್ಕಿಗೆ ಜಮಾ ಕೂಡಿಸಿ, ಖರ್ಚು ಕಳೆದರೆ ಈ ಸಾಲಿನ ಶಿಲ್ಕು ಬರಬೇಕು. ಇದು ಎಲ್ಲರಿಗೂ ಗೊತ್ತು. ಎಡವುವುದು ಇನ್ನೊಂದು ಕಡೆ. ಪುಸ್ತಕದಲ್ಲಿರುವ ಶಿಲ್ಕಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತಾ ಹೋದರೆ, ಹಿಂದೆ ಆದ ತಪ್ಪು ಕಣ್ಣಿಂದ ಮರೆಯಾಗಿ ಅದೇ ತಪ್ಪಿನ ಮೇಲೆ ಮುಂದಿನ ಸಾಲು ಸರಿಯಾಗಿ ಕೂತುಬಿಡುತ್ತದೆ. ಸ್ವಂತ ಲೆಕ್ಕವನ್ನೇ ಹಿಡಿದು ಹೋದರೆ, ಒಂದು ಕಡೆ ತಪ್ಪಿದ ಮೇಲೆ ಕೆಳಗಿನ ಸಾಲುಗಳೆಲ್ಲ ತಪ್ಪಾಗಿ ಕಾಣುತ್ತವೆ. ಹಾಗಾಗಿ ನಾನು ಎರಡನ್ನೂ ಅಕ್ಕಪಕ್ಕ ಬರೆದು, ಮೂರನೆಯ ಕಾಲಂನಲ್ಲಿ ವ್ಯತ್ಯಾಸ ಹಾಕುತ್ತೇನೆ. ಆಮೇಲೆ ನೋಡುವುದು ಆ ಮೂರನೆಯ ಕಾಲಂ ಒಂದನ್ನೇ.

ಆಕೆಯ ಪುಟ ಹೀಗಿತ್ತು. ಮೊದಲ ನಾಲ್ಕು ಕಾಲಂ ಪುಸ್ತಕದ್ದು, ಕೊನೆಯ ಎರಡು ನನ್ನವು.

| ದಿನಾಂಕ | ಜಮಾ | ಖರ್ಚು | ಪುಸ್ತಕದ ಶಿಲ್ಕು | ನನ್ನ ಲೆಕ್ಕ | ವ್ಯತ್ಯಾಸ |
|---|---|---|---|---|---|
| ಹಿಂದಿನ ಶಿಲ್ಕು | | | 8,250 | 8,250 | 0 |
| ಏಪ್ರಿಲ್ 3 | 2,000 | | 10,250 | 10,250 | 0 |
| ಏಪ್ರಿಲ್ 19 | | 1,500 | 8,750 | 8,750 | 0 |
| ಮೇ 6 | 3,600 | | 12,350 | 12,350 | 0 |
| ಮೇ 20 | | 900 | 13,250 | 11,450 | 1,800 |
| ಜೂನ್ 4 | 1,000 | | 14,250 | 12,450 | 1,800 |
| ಜೂನ್ 22 | | 2,500 | 11,750 | 9,950 | 1,800 |
| ಜುಲೈ 8 | 1,200 | | 11,150 | 11,150 | 0 |
| ಸೆಪ್ಟೆಂಬರ್ 12 | 2,000 | | 13,150 | 13,150 | 0 |

ಕೊನೆಯ ಕಾಲಂ ನೋಡಿ. ಸೊನ್ನೆ, ಸೊನ್ನೆ, ಸೊನ್ನೆ. ಮೇ 20ಕ್ಕೆ 1,800 ಆಗುತ್ತದೆ. ಆಮೇಲೆ ಎರಡು ಸಾಲು ಅದೇ 1,800 ಹಾಗೇ ನಿಲ್ಲುತ್ತದೆ. ಅಂದರೆ ಆ ಎರಡು ಸಾಲುಗಳ ಕೂಡುವ ಕಳೆಯುವ ಕೆಲಸ ಸರಿಯಾಗಿದೆ. ಹಳೆಯ ತಪ್ಪನ್ನು ಹೊತ್ತುಕೊಂಡು ಬಂದಿವೆ, ಅಷ್ಟೇ. ಜುಲೈ 8ಕ್ಕೆ ಮತ್ತೆ ಸೊನ್ನೆ. ವ್ಯತ್ಯಾಸ ಎಲ್ಲಿ ಬದಲಾಯಿತೋ ಅಲ್ಲಿ ಮಾತ್ರ ಏನೋ ನಡೆದಿದೆ. ಇಡೀ ಪುಟದಲ್ಲಿ ವಿಚಾರಿಸಬೇಕಾದ ಸಾಲುಗಳು ಎರಡೇ.

ಮೇ 20ರ ಸಾಲಿನಲ್ಲಿ ಆಕೆ 900 ತೆಗೆದಿದ್ದಾರೆ. ಬರೆದವರು ಕಳೆಯುವ ಬದಲು ಕೂಡಿಸಿದ್ದಾರೆ. 12,350ಕ್ಕೆ 900 ಕೂಡಿಸಿದರೆ ಸರಿಯಾಗಿ 13,250. ಮೊತ್ತ ತಪ್ಪು ಕಡೆಗೆ ಹೋದಾಗ ವ್ಯತ್ಯಾಸ ಯಾವಾಗಲೂ ಆ ಮೊತ್ತದ ಎರಡರಷ್ಟು ಇರುತ್ತದೆ. ಕಳೆಯಬೇಕಾದ 900 ಕಳೆಯಲಿಲ್ಲ, ಅದರ ಮೇಲೆ ಇನ್ನೊಂದು 900 ಕೂಡಿಕೊಂಡಿತು. ಅದಕ್ಕೇ ವ್ಯತ್ಯಾಸ ಸಿಕ್ಕ ಕೂಡಲೇ ಅದನ್ನು ಅರ್ಧ ಮಾಡಿ, ಅದೇ ಸಾಲಿನ ಮೊತ್ತದ ಜೊತೆ ಹೋಲಿಸಿ ನೋಡುತ್ತೇನೆ. ವ್ಯತ್ಯಾಸ ಪೂರ್ತಿಯಾಗಿ ಆ ಸಾಲಿನ ಮೊತ್ತಕ್ಕೇ ಸಮವಾಗಿದ್ದರೆ, ಮೊತ್ತ ಬರೆದಿದ್ದಾರೆ, ಶಿಲ್ಕಿಗೆ ಸೇರಿಸುವುದನ್ನು ಮರೆತಿದ್ದಾರೆ ಎಂದರ್ಥ.

ಇನ್ನೊಂದು ಗುರುತು 9ರದ್ದು. ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ. 4,750 ಬರೆಯುವ ಕಡೆ 4,570 ಬರೆದರೆ ವ್ಯತ್ಯಾಸ 180, ಅಂದರೆ 20 ಸಲ 9. ಆದರೆ ಇದನ್ನು ಸುಮ್ನೆ ನಂಬಿಬಿಡಬೇಡಿ. ನಮ್ಮ 1,800 ಕೂಡ 9ರಿಂದ ಭಾಗವಾಗುತ್ತದೆ, ಆದರೆ ಇಲ್ಲಿ ಅಂಕಿ ಅದಲು ಬದಲಾಗಿರಲಿಲ್ಲ. 9ರ ಗುರುತು ಎಲ್ಲಿ ಹುಡುಕಬೇಕೆಂದು ಹೇಳುತ್ತದೆ. ಕಾರಣ ತಿಳಿಯಲು ಮೂಲ ವೋಚರ್ ತೆಗೆಸಿ ನೋಡಲೇಬೇಕು. ನಾವು ಮೇ 20ರ ವೋಚರ್ ತೆಗೆಸಿದೆವು. 900 ತೆಗೆದದ್ದಕ್ಕೆ ಆಕೆಯದೇ ಸಹಿ ಇತ್ತು.

ಜುಲೈ 8ರಲ್ಲಿ ಆಗಿದ್ದೇನು? ಅಂದು ಬರೆದವರು ಲೆಡ್ಜರ್ ತೆರೆದಿದ್ದರು. ಲೆಡ್ಜರ್‌ನಲ್ಲಿ ಮೊದಲಿಂದಲೂ ಲೆಕ್ಕ ಸರಿಯಾಗಿಯೇ ಇತ್ತು. ಪಾಸ್‌ಬುಕ್‌ನ 11,750 ಅದಕ್ಕೆ ಕೂಡಲಿಲ್ಲ. ಅವರು ಹಿಂದಿನ ಸಾಲುಗಳನ್ನು ಮುಟ್ಟದೆ, ಯಾರಿಗೂ ಹೇಳದೆ, ಹೊಸ ಶಿಲ್ಕನ್ನು ಲೆಡ್ಜರ್‌ನಿಂದ ನೋಡಿ 11,150 ಎಂದು ಬರೆದುಬಿಟ್ಟರು. ಲೆಕ್ಕ ಸರಿಹೋಯಿತು. ಆದರೆ ಸದಸ್ಯರ ಕಣ್ಣಿಗೆ 1,800 ರೂಪಾಯಿ ಮಾಯವಾದಂತೆ ಕಂಡಿತು. ಜೂನ್ 22ರಿಂದ ಜುಲೈ 8ರವರೆಗೆ ಆಕೆ ತನ್ನ ಖಾತೆಯಲ್ಲಿ 11,750 ಇದೆ ಎಂದುಕೊಂಡು ಮಗನ ಕಾಲೇಜು ಫೀಸಿಗೆ ಲೆಕ್ಕ ಹಾಕಿಕೊಂಡಿದ್ದರು. ನಿಜಕ್ಕೂ ಇದ್ದದ್ದು 9,950. ನನಗೆ ಬೇಸರವಾದದ್ದು ಕೂಡುವ ಕಳೆಯುವ ತಪ್ಪಿಗಲ್ಲ, ಅದು ಯಾರಿಗಾದರೂ ಆಗುತ್ತದೆ. ಆ ತಪ್ಪನ್ನು ಮೂರು ಸಾಲುಗಳ ನಂತರ ಸದ್ದಿಲ್ಲದೆ ಮುಚ್ಚಿದ್ದಕ್ಕೆ.

ಕಂಪ್ಯೂಟರ್‌ನಲ್ಲಿ ಮುದ್ರಿಸಿದ ಬ್ಯಾಂಕ್ ಪಾಸ್‌ಬುಕ್‌ಗೂ ಇದೇ ಮೂರು ಕಾಲಂ ನಡೆಯುತ್ತದೆ. ಆದರೆ ಅಲ್ಲಿ ವ್ಯತ್ಯಾಸದ ಅರ್ಥ ಬೇರೆ. ಯಂತ್ರ ಕೂಡುವುದರಲ್ಲಿ ತಪ್ಪುವುದಿಲ್ಲ. ಹಾಗಾಗಿ ಸಾಲಿನಿಂದ ಸಾಲಿಗೆ ಬರುವ ಶಿಲ್ಕಿನ ಸರಪಳಿ ಕಡಿದಿದ್ದರೆ, ಕಾಗದದ ಮೇಲೆ ಕಾಣದ ಒಂದು ಸಾಲು ಅಲ್ಲಿದೆ ಎಂದೇ ಮೊದಲು ಅನುಮಾನಿಸಬೇಕು. ಪುಟದ ಕೊನೆಯಲ್ಲಿ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಅಚ್ಚಾಗಿರಬಹುದು. ಪುಟ ಮಡಿಸುವ ನಡುಗೆರೆಯ ಹತ್ತಿರ ಅಕ್ಷರ ಬಿದ್ದೇ ಇಲ್ಲದಿರಬಹುದು. ಪುಸ್ತಕ ತುಂಬಿ ಹೊಸದು ಕೊಟ್ಟಾಗ ನಡುವಿನ ಕೆಲವು ಸಾಲು ಎರಡರಲ್ಲೂ ಬಾರದೆ ಹೋಗಿರಬಹುದು. ಪುಟ ತಿರುಗುವ ಜಾಗದಲ್ಲಿ ನಾನು ಯಾವಾಗಲೂ ನಿಧಾನ ಮಾಡುತ್ತೇನೆ.

ಉದಾಹರಣೆಗೆ ಒಂದು ಪುಟದ ಕೊನೆಯಲ್ಲಿ ಶಿಲ್ಕು 24,310. ಮುಂದಿನ ಪುಟದ ಮೊದಲ ಸಾಲಿನಲ್ಲಿ 500 ಜಮಾ, ಶಿಲ್ಕು 22,810 ಎಂದಿದೆ ಅಂದುಕೊಳ್ಳಿ. 24,810 ಇರಬೇಕಿತ್ತು. 2,000 ಕಡಿಮೆ. ಯಾರೋ 2,000 ತೆಗೆದರು ಎಂದು ಕೂಡಲೇ ತೀರ್ಮಾನಿಸಬೇಡಿ. 3,000 ತೆಗೆದು 1,000 ಜಮಾ ಆಗಿದ್ದರೂ ಇದೇ 2,000 ಬರುತ್ತದೆ. ಕಾಣದ ಸಾಲು ಒಂದಿರಬಹುದು, ನಾಲ್ಕಿರಬಹುದು. ವ್ಯತ್ಯಾಸ ಹೇಳುವುದು ಅವುಗಳ ಒಟ್ಟು ಫಲವನ್ನು ಮಾತ್ರ. ಕಡಿದ ಜಾಗದ ಮೇಲಿನ ಸಾಲಿನ ದಿನಾಂಕ, ಕೆಳಗಿನ ಸಾಲಿನ ದಿನಾಂಕ ಎರಡನ್ನೂ ಬರೆದುಕೊಂಡು, ಆ ಅವಧಿಯ ಸ್ಟೇಟ್‌ಮೆಂಟ್ ಕೊಡಿ ಎಂದು ಬ್ಯಾಂಕಿನಲ್ಲಿ ಕೇಳಬೇಕು. "ಪಾಸ್‌ಬುಕ್ ತಪ್ಪಾಗಿದೆ" ಎಂದು ಹೇಳುವುದಕ್ಕಿಂತ ಹೀಗೆ ಎರಡು ದಿನಾಂಕ ಮುಂದಿಟ್ಟರೆ ಕೆಲಸ ಬೇಗ ಆಗುತ್ತದೆ. ಸಾಲುಗಳ ವಿವರದ ಕಾಲಂನಲ್ಲಿ ಬರೀ ಸಂಕೇತ ಇದ್ದರೆ ಅದನ್ನೂ ಕೇಳಿ. ವಹಿವಾಟು ಯಾವುದು ಎಂದು ಗ್ರಾಹಕರಿಗೆ ತಿಳಿಯುವಂತೆ ಪಾಸ್‌ಬುಕ್‌ನಲ್ಲಿ ವಿವರ ಬರೆಯಬೇಕು ಎಂದು ರಿಸರ್ವ್ ಬ್ಯಾಂಕ್ 2017ರ ಜೂನ್‌ನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ.

ಸಾಲದ ಖಾತೆಯ ಪಾಸ್‌ಬುಕ್ ಹಿಡಿದು ಗಾಬರಿಯಾಗಿ ಬರುವ ರೈತರೂ ಇದ್ದಾರೆ. ಕಟ್ಟಿದಾಗ ಮೊತ್ತ ಇಳಿಯುತ್ತದೆ, ತೆಗೆದಾಗ ಏರುತ್ತದೆ, ಏನಿದು ಅಂತ. ಅಲ್ಲಿರುವ ಶಿಲ್ಕು ನೀವು ಕೊಡಬೇಕಾದ ಬಾಕಿ. ಅದರ ಪಕ್ಕ ಸಾಮಾನ್ಯವಾಗಿ Dr ಎಂದು ಇರುತ್ತದೆ. ಆ ಎರಡು ಅಕ್ಷರ ನೋಡಿಕೊಂಡು ಕೂಡುವುದು ಕಳೆಯುವುದನ್ನು ತಿರುಗಿಸಿಕೊಂಡರೆ ಉಳಿದದ್ದೆಲ್ಲ ಒಂದೇ.

ಇಷ್ಟೆಲ್ಲ ಮಾಡಿದ ಮೇಲೂ ಈ ಪರೀಕ್ಷೆಗೆ ಸಿಗದೆ ಹೋಗುವ ತಪ್ಪು ಒಂದಿದೆ. ನನ್ನ ಅನುಭವದಲ್ಲಿ ದೊಡ್ಡ ನಷ್ಟ ಆಗುವುದು ಅದರಿಂದಲೇ. ನೀವು ಕಟ್ಟಿದ ದುಡ್ಡು ಪುಸ್ತಕಕ್ಕೆ ಏರಲೇ ಇಲ್ಲ ಅಂದುಕೊಳ್ಳಿ. ಜಮಾ ಕಾಲಂನಲ್ಲೂ ಇಲ್ಲ, ಶಿಲ್ಕಿನಲ್ಲೂ ಇಲ್ಲ. ಆಗ ಸರಪಳಿ ಎಲ್ಲೂ ಕಡಿಯುವುದಿಲ್ಲ. ವ್ಯತ್ಯಾಸದ ಕಾಲಂ ಪೂರ್ತಿ ಸೊನ್ನೆ. ಸಾಲುಗಳು ಒಂದಕ್ಕೊಂದು ಕೂಡುತ್ತವೆ ಎಂದಷ್ಟೇ ಈ ಲೆಕ್ಕ ಹೇಳಬಲ್ಲದು. ಬರಬೇಕಾದ ಸಾಲುಗಳೆಲ್ಲ ಬಂದಿವೆಯೇ ಎಂದು ಹೇಳಲಾರದು. 1928ರಲ್ಲಿ ಉಡುಪಿಯಲ್ಲಿ ಶುರುವಾದ ಪಿಗ್ಮಿ ಪದ್ಧತಿಯಲ್ಲಿ ಈ ಅಪಾಯ ಇನ್ನೂ ಹತ್ತಿರದ್ದು. ಮನೆ ಬಾಗಿಲಿಗೆ ಬರುವ ಏಜೆಂಟರು ನಿಮ್ಮ ಕಾರ್ಡಿನಲ್ಲಿ ಬರೆದದ್ದು ಪಕ್ಕಾ ಕೂಡಬಹುದು. ಆದರೆ ಆ ದುಡ್ಡು ಆಫೀಸಿನ ಲೆಕ್ಕಕ್ಕೆ ಸೇರಿದೆಯೇ ಎನ್ನುವುದು ಬೇರೆ ಪ್ರಶ್ನೆ. ಅಲ್ಲಿ ಕಾರ್ಡಿನ ಶಿಲ್ಕನ್ನು ಆಫೀಸಿನ ಶಿಲ್ಕಿನ ಜೊತೆ ಆಗಾಗ ತಾಳೆ ನೋಡದೆ ಬೇರೆ ದಾರಿ ಇಲ್ಲ.

ಆದ್ದರಿಂದ ಸಾಲುಗಳು ಮುಗಿದ ಮೇಲೆ ರಸೀದಿಗಳ ಸರದಿ. ಹೊಲಿಗೆಯ ಆಕೆಗೆ ಹೇಳಿದೆ: "ಅಮ್ಮ, ದುಡ್ಡು ಕಟ್ಟಿದಾಗ ಚಲನ್ನಿನ ಅರ್ಧ ಹರಿದು ಕೊಡ್ತಾರಲ್ಲ, ಅವು ಇದ್ದರೆ ತನ್ನಿ." ಮಧ್ಯಾಹ್ನ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಗುಂಡಿ, ದಾರದುಂಡೆಗಳ ನಡುವೆ ಚೀಟಿಗಳನ್ನು ಮಡಿಸಿ ಇಟ್ಟಿದ್ದರು. ಆ ಪುಟದಲ್ಲಿ ಐದು ಜಮಾ ಇದ್ದವು. ಚೀಟಿ ಸಿಕ್ಕಿದ್ದು ನಾಲ್ಕಕ್ಕೆ. ಪುಸ್ತಕದಲ್ಲಿ ಇಲ್ಲದ ಚೀಟಿ ಒಂದೂ ಇರಲಿಲ್ಲ. ಮೇ 6ರ 3,600ರ ಚೀಟಿ ಮಾತ್ರ ಕಳೆದುಹೋಗಿತ್ತು. ಅದು ಪಾಸ್‌ಬುಕ್‌ನಲ್ಲಿ ಇದ್ದುದರಿಂದ ಆತಂಕವೇನಿರಲಿಲ್ಲ. ಆದರೂ ಅಂದಿನ ಕಿರ್ದಿ ತೆಗೆಸಿ ಆಕೆಗೆ ತೋರಿಸಿದೆ. ಆ ದಿನದ ಜಮಾ ಬದಿಯಲ್ಲಿ ಅವರ ಹೆಸರಿನ ಮುಂದೆ 3,600 ಇತ್ತು.

ಆಮೇಲೆ ಗುಮಾಸ್ತರು ಪಾಸ್‌ಬುಕ್ ತೆಗೆದುಕೊಂಡು ಮೇ 20, ಜೂನ್ 4, ಜೂನ್ 22ರ ಮೂರು ಶಿಲ್ಕುಗಳನ್ನು ಒಂದೊಂದು ಗೆರೆ ಎಳೆದು ಹೊಡೆದರು. ಹಳೆಯ ಅಂಕಿ ಓದುವಂತೆ ಉಳಿಯಬೇಕು, ವೈಟ್ನರ್ ಹಚ್ಚಬಾರದು ಎಂದು ನಾನು ಹೇಳಿದ್ದೆ. ಮೇಲೆ 11,450, 12,450, 9,950 ಎಂದು ಬರೆದು, ಪ್ರತಿಯೊಂದರ ಪಕ್ಕ ಚಿಕ್ಕ ಸಹಿ ಹಾಕಿದರು. ಕಾರ್ಯದರ್ಶಿಗಳು ಸಂಘದ ಮೊಹರು ಒತ್ತಿದರು. ಆಕೆ ಪುಸ್ತಕ ವಾಪಸ್ ತೆಗೆದುಕೊಂಡು, ನನ್ನ ಕ್ಯಾಲ್ಕುಲೇಟರ್ ಕೇಳಿ ಪಡೆದು, 8,250ರಿಂದ ತಾವೇ ಮತ್ತೊಮ್ಮೆ ಶುರು ಮಾಡಿದರು.