ನಿಮ್ಮದೇ ಧ್ವನಿಯ ನಕಲು: ಎಂಟು ಸೆಕೆಂಡಿನ ಮಾದರಿ, ಅದರ ಒಪ್ಪಿಗೆ, ಕೇಳುಗರಿಗೆ ಹೇಳುವ ಮಾತು

ಧ್ವನಿ ಕ್ಲೋನ್ ಮಾಡೋಕೆ ಎರಡು ದಾರಿ ಇವೆ. ಒಂದರಲ್ಲಿ ಅರ್ಧ ಗಂಟೆಯಿಂದ ಕೆಲವು ಗಂಟೆಗಳಷ್ಟು ರೆಕಾರ್ಡಿಂಗ್ ಕೊಟ್ಟು, ಬರಹವನ್ನು ಓದುವ ಎಐ ಮಾಡೆಲ್‌ಗೆ ನಿಮ್ಮ ಧ್ವನಿಯಲ್ಲೇ ತರಬೇತಿ ಕೊಡುತ್ತಾರೆ. ಇನ್ನೊಂದರಲ್ಲಿ ಹೊಸ ತರಬೇತಿಯೇ ಇಲ್ಲ. ಕೆಲವು ಸೆಕೆಂಡಿನ ಒಂದು ತುಣುಕು, ಅದರಲ್ಲಿ ಏನು ಹೇಳಿದ್ದೀರಿ ಅನ್ನೋ ಬರಹ, ಇವೆರಡನ್ನು ಕೊಟ್ಟರೆ ಸಾಕು. ಮಾಡೆಲ್ ಅದೇ ಕಂಠದಲ್ಲಿ ಹೊಸ ಸಾಲುಗಳನ್ನು ಓದುತ್ತದೆ. ಈ ಟಿಪ್ಪಣಿ ಎರಡನೆಯದರ ಬಗ್ಗೆ. ಕಲಿಯುವವರು ಮೊದಲು ಕೈಹಾಕೋದು ಅದಕ್ಕೇ, ಅಲ್ವಾ?

ಕನ್ನಡಕ್ಕೆ IndicF5 ಒಳ್ಳೆಯ ಉದಾಹರಣೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಬಿಡುಗಡೆ ಮಾಡಿದ ಈ ಮಾಡೆಲ್ ಕನ್ನಡವೂ ಸೇರಿ 11 ಭಾರತೀಯ ಭಾಷೆಗಳನ್ನು ಓದುತ್ತದೆ. ಮಾಡೆಲ್ ಲೋಡ್ ಮಾಡಿದ ಮೇಲೆ ಬಳಸುವ ರೀತಿ ಹೀಗೆ:

```python
audio = model(
    "ಇಲ್ಲಿ ಓದಬೇಕಾದ ಹೊಸ ಸಾಲು.",
    ref_audio_path="nanna_dhvani.wav",
    ref_text="ತುಣುಕಿನಲ್ಲಿ ನಾನು ಹೇಳಿದ್ದು, ಅಕ್ಷರಶಃ."
)
```

ಹೆಚ್ಚಿನವರು `ref_text` ಬಗ್ಗೆ ತಲೆಕೆಡಿಸಿಕೊಳ್ಳೋದಿಲ್ಲ. ಗುಣಮಟ್ಟ ಕೆಡೋದು ಬಹಳ ಸಲ ಅಲ್ಲೇ. IndicF5 ಸೇರಿದ F5 ಕುಟುಂಬದ ಮಾಡೆಲ್‌ಗಳು ಹೊಸ ಸಾಲು ಎಷ್ಟು ಹೊತ್ತು ಇರಬೇಕು ಅನ್ನೋದನ್ನು ಒಂದು ಸರಳ ಲೆಕ್ಕದಿಂದ ಊಹಿಸುತ್ತವೆ. ಮಾದರಿ ತುಣುಕಿನ ಉದ್ದವನ್ನು ಅದರ ಬರಹದ ಬೈಟ್‌ಗಳಿಂದ ಭಾಗಿಸಿ, ಹೊಸ ಬರಹದ ಬೈಟ್‌ಗಳಿಂದ ಗುಣಿಸುತ್ತವೆ. ಬರಹದಲ್ಲಿ ಎರಡು ಪದ ಬಿಟ್ಟುಹೋಗಿದ್ದರೆ ನೀವು ನಿಧಾನವಾಗಿ ಮಾತಾಡುವವರು ಅಂತ ಮಾಡೆಲ್ ತಿಳಿಯುತ್ತದೆ. ಹೊಸ ಸಾಲು ಎಳೆದಾಡಿದಂತೆ ಬರುತ್ತದೆ. ತುಣುಕಿನಲ್ಲಿ ಇಲ್ಲದ ಪದಗಳು ಬರಹದಲ್ಲಿದ್ದರೆ ಕೆಲವೊಮ್ಮೆ ಅವೇ ಹೊಸ ಆಡಿಯೋದ ಶುರುವಿನಲ್ಲಿ ಕೇಳಿಸುತ್ತವೆ.

ಒಂದು ಲೆಕ್ಕ ಮಾಡಿ ನೋಡೋಣ. ನಿಮ್ಮ ತುಣುಕು 8 ಸೆಕೆಂಡ್, ಬರಹ 320 ಬೈಟ್. ಅಂದರೆ ಸೆಕೆಂಡಿಗೆ 40 ಬೈಟ್. ಓದಬೇಕಾದ ಸಾಲಿನಲ್ಲಿ 1947 ಅಂತ ಅಂಕಿಯಲ್ಲಿ ಬರೆದಿದ್ದೀರಿ. ಅದು ಬರೀ 4 ಬೈಟ್, ಲೆಕ್ಕದಲ್ಲಿ ಅದಕ್ಕೆ ಸಿಗೋದು ಸೆಕೆಂಡಿನ ಹತ್ತನೇ ಒಂದು ಭಾಗ. ಅದನ್ನೇ "ಸಾವಿರದ ಒಂಬೈನೂರ ನಲವತ್ತೇಳು" ಅಂತ ಬರೆದರೆ 68 ಬೈಟ್ ಆಗುತ್ತದೆ, ಯಾಕಂದರೆ ಕನ್ನಡದ ಪ್ರತಿ ಅಕ್ಷರ, ಕಾಗುಣಿತದ ಗುರುತು, ಒತ್ತಿನ ಗುರುತು ಒಂದೊಂದಕ್ಕೂ 3 ಬೈಟ್, ಪದಗಳ ನಡುವಿನ ಖಾಲಿ ಜಾಗಕ್ಕೆ 1. ಈಗ ಸಿಗೋದು 1.7 ಸೆಕೆಂಡ್. ಬಾಯಲ್ಲಿ ಹೇಳೋಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಅಂಕಿಯಲ್ಲೇ ಬಿಟ್ಟರೆ ಆ ಕೊರತೆ ಇಡೀ ಸಾಲಿನ ಮೇಲೆ ಬೀಳುತ್ತದೆ, ಅಕ್ಕಪಕ್ಕದ ಪದಗಳೂ ಓಡುತ್ತವೆ. ಹಾಗಾಗಿ ಇಸವಿ, ಹಣ, ಡಾ. ಥರದ ಸಂಕ್ಷೇಪ ಎಲ್ಲವನ್ನೂ ಮೊದಲೇ ಅಕ್ಷರಗಳಲ್ಲಿ ಬಿಡಿಸಿ ಬರೆಯಿರಿ.

ತುಣುಕು 12 ಸೆಕೆಂಡಿಗಿಂತ ಚಿಕ್ಕದಾಗಿರಲಿ. ಕೊನೆಯಲ್ಲಿ ಒಂದು ಸೆಕೆಂಡ್ ಮೌನ ಬಿಡಿ, ಇಲ್ಲದಿದ್ದರೆ ಪದ ಅರ್ಧಕ್ಕೆ ತುಂಡಾಗುವ ಅಪಾಯ ಇದೆ. ಕೋಣೆಯ ಗುಂಯ್‌ಗುಡುವಿಕೆ, ಫ್ಯಾನ್ ಸದ್ದು ಎಲ್ಲವೂ ನಕಲಾಗುತ್ತವೆ. ಆಮೇಲೆ ಸರಿಮಾಡೋಣ ಅಂದುಕೊಳ್ಳಬೇಡಿ. ಧಾಟಿಯೂ ತುಣುಕಿನಿಂದಲೇ ಬರುತ್ತದೆ. ಖುಷಿಯಲ್ಲಿ ಹೇಳಿದ ಮಾತನ್ನು ಮಾದರಿಯಾಗಿ ಕೊಟ್ಟರೆ ಸಾವಿನ ಸುದ್ದಿಯನ್ನೂ ಖುಷಿಯಲ್ಲೇ ಓದೀತು.

ತಪ್ಪು ಹಿಡಿಯೋಕೆ ಬರಹವನ್ನು ಕೈಯಲ್ಲಿ ಹಿಡಿದೇ ಕೇಳಬೇಕು. ಧ್ವನಿ ನಿಮ್ಮದೇ ಆಗಿರೋದರಿಂದ ಕಿವಿ ಸುಲಭವಾಗಿ ಒಪ್ಪಿಕೊಂಡುಬಿಡುತ್ತದೆ. ಹಳ್ಳಿ ಹಲ್ಲಿ ಆಗಿದ್ದರೂ ಗಮನಕ್ಕೆ ಬರೋದಿಲ್ಲ.

ಈಗ ಒಪ್ಪಿಗೆ. ನನ್ನ ಧ್ವನಿ, ನನಗೆ ನಾನೇ ಯಾಕೆ ಒಪ್ಪಿಗೆ ಕೊಡಬೇಕು ಅನ್ನಿಸಬಹುದು. IndicF5 ಬಳಸುವವರು ಸ್ಪಷ್ಟ ಅನುಮತಿ ಇರುವ ಧ್ವನಿಯನ್ನು ಮಾತ್ರ ನಕಲು ಮಾಡಬೇಕು ಅನ್ನೋದು ಅದರ ಷರತ್ತು. ನಿಮ್ಮದೇ ಧ್ವನಿ ಆದರೆ ಷರತ್ತು ಮುಗಿಯಿತು ಅಂತ ಕಾಣುತ್ತದೆ. ಆದರೆ ಮೂರು ಪ್ರಶ್ನೆ ಉಳಿಯುತ್ತವೆ.

ಮೊದಲನೆಯದು, ತುಣುಕು ಎಲ್ಲಿಂದ ಬಂತು? ಹಳೇ ಸಂದರ್ಶನದಿಂದ ಕತ್ತರಿಸಿದ್ದರೆ ಹಿಂದೆ ಇನ್ನೊಬ್ಬರ "ಹೂಂ" ಇರಬಹುದು. ಹಣ ಪಡೆದು ಮಾಡಿದ ಕೆಲಸದ ರೆಕಾರ್ಡಿಂಗ್ ಆಗಿದ್ದರೆ ಕಂಠ ನಿಮ್ಮದು, ರೆಕಾರ್ಡಿಂಗ್ ಹಕ್ಕು ಮಾಡಿಸಿದವರದ್ದಾಗಿರಬಹುದು. ಹೊಸದಾಗಿ 8 ಸೆಕೆಂಡ್ ರೆಕಾರ್ಡ್ ಮಾಡಿದರೆ ಎರಡೂ ತಲೆನೋವು ಹೋಗುತ್ತದೆ. ಎರಡನೆಯದು, ಅದು ಎಲ್ಲಿಗೆ ಹೋಗುತ್ತದೆ? ನಿಮ್ಮ ಕಂಪ್ಯೂಟರಿನಲ್ಲೇ ಮಾಡೆಲ್ ಓಡಿಸಿದರೆ ಫೈಲ್ ನಿಮ್ಮ ಬಳಿಯೇ ಇರುತ್ತದೆ. ಆನ್‌ಲೈನ್ ಸೇವೆಗೆ ಹಾಕುವುದಾದರೆ ಷರತ್ತುಗಳಲ್ಲಿ ಎರಡು ವಿಷಯ ಹುಡುಕಿ: ಖಾತೆ ಮುಚ್ಚಿದ ಮೇಲೆ ಧ್ವನಿಯನ್ನು ಅಳಿಸುತ್ತಾರಾ, ತಮ್ಮ ಮಾಡೆಲ್ ತರಬೇತಿಗೆ ಅದನ್ನು ಬಳಸುತ್ತಾರಾ.

ಮೂರನೆಯದು, ಅದನ್ನು ಯಾವುದಕ್ಕೆಲ್ಲ ಬಳಸಬಹುದು? ಜಾಸ್ತಿ ಎಡವಟ್ಟಾಗೋದು ಇಲ್ಲೇ. ಇಬ್ಬರು ಸೇರಿ ಪಾಠದ ಆಡಿಯೋ ಸರಣಿ ಮಾಡುತ್ತಿದ್ದಾರೆ ಅಂದುಕೊಳ್ಳಿ. ಒಬ್ಬರದ್ದು ಕಂಠ, ಇನ್ನೊಬ್ಬರದ್ದು ಎಡಿಟಿಂಗ್. ತುಣುಕು ಎಡಿಟರ್ ಕೈಗೆ ಹೋಯಿತು. ಆ ಕ್ಷಣದಿಂದ ಅವರು ಯಾವ ಸಾಲನ್ನು ಬೇಕಾದರೂ ಆ ಕಂಠದಲ್ಲಿ ಹೇಳಿಸಬಹುದು. "ಬಳಸಿಕೋ" ಅನ್ನೋ ಬಾಯಿಮಾತಿಗೆ ಗಡಿ ಇಲ್ಲ. ಅದಕ್ಕೆ ಹೀಗೊಂದು ಚೀಟಿ ಬರೆದುಕೊಂಡರೆ ಸಾಕು:

"ಈ ತುಣುಕನ್ನು ಈ ಪಾಠ ಸರಣಿಗೆ ಮಾತ್ರ ಬಳಸಬಹುದು. ನಾನು ಓದಿ ಒಪ್ಪಿದ ಬರಹವನ್ನಷ್ಟೇ ಓದಿಸಬೇಕು. ಜಾಹೀರಾತಿಗೆ, ಇನ್ನೊಬ್ಬರಿಗೆ ಕೊಡೋಕೆ ಅನುಮತಿ ಇಲ್ಲ. ಸರಣಿ ಮುಗಿದ ಮೇಲೆ ತುಣುಕು ಅಳಿಸಬೇಕು. ಈಗಾಗಲೇ ಪ್ರಕಟವಾದ ಪಾಠಗಳು ಹಾಗೇ ಉಳಿಯಬಹುದು."

ಕೊನೆಯ ವಾಕ್ಯ ಮರೆಯಬೇಡಿ. ಒಪ್ಪಿಗೆ ವಾಪಸ್ ತೆಗೆದುಕೊಂಡಾಗ ಹಳೇ ಆಡಿಯೋ ಏನಾಗಬೇಕು ಅನ್ನೋ ಜಗಳ ಅಲ್ಲಿಗೆ ಮುಗಿಯುತ್ತದೆ. ಹಾಗಂತ ತುಣುಕು ಅಳಿಸಿದರೆ ಅಪಾಯವೇ ಹೋಯಿತು ಅಂತಲ್ಲ. ಪ್ರಕಟವಾದ ಆಡಿಯೋದಿಂದಲೇ ಯಾರಾದರೂ 8 ಸೆಕೆಂಡ್ ಕತ್ತರಿಸಿಕೊಳ್ಳಬಹುದು. ನಿಮ್ಮ ಬ್ಯಾಂಕು ಧ್ವನಿಯಿಂದ ಗುರುತು ಹಿಡಿಯುತ್ತಿದ್ದರೆ ಅದನ್ನು ಆಫ್ ಮಾಡಿಸಿ.

ಕೇಳುಗರಿಗೆ ಏನು ಹೇಳಬೇಕು? "ಎಐ ಸಹಾಯದಿಂದ ತಯಾರಿಸಲಾಗಿದೆ" ಅನ್ನೋದು ನನ್ನ ಪ್ರಕಾರ ಏನನ್ನೂ ಹೇಳದ ಸಾಲು. ಬರೆದಿದ್ದು ಎಐ ಅಂತಲಾ, ಓದಿದ್ದು ಎಐ ಅಂತಲಾ? ಹೀಗೆ ಹೇಳಿ ನೋಡಿ: "ಈ ಧ್ವನಿ ನನ್ನದೇ, ಆದರೆ ಓದಿದ್ದು ಕಂಪ್ಯೂಟರ್. ಪಾಠ ಬರೆದವಳು ನಾನು, ಪೂರ್ತಿ ಕೇಳಿ ತಿದ್ದಿದ್ದೇನೆ." ಇದನ್ನು ಆಡಿಯೋದ ಶುರುವಿನಲ್ಲೇ ಸ್ವಂತ ಬಾಯಿಂದ ಹೇಳಿ, ವಿವರಣೆಯಲ್ಲೂ ಬರೆಯಿರಿ. ಯೂಟ್ಯೂಬ್ 2024ರ ಮಾರ್ಚ್‌ನಿಂದ ನಿಜದಂತೆ ಕಾಣುವ ಕೃತಕ ವಿಷಯವನ್ನು ಅಪ್‌ಲೋಡ್ ಮಾಡುವಾಗ ತಿಳಿಸಿ ಅನ್ನುತ್ತಿದೆ. ಆದರೆ ಅಲ್ಲಿ ಹಾಕಿದ ಟಿಕ್ ಫೈಲಿನ ಜೊತೆ ಹೋಗೋದಿಲ್ಲ. ಯಾರೋ ಆಡಿಯೋ ಇಳಿಸಿಕೊಂಡು ವಾಟ್ಸಾಪ್‌ನಲ್ಲಿ ಹಂಚಿದರೆ ಉಳಿಯೋದು ಒಳಗೆ ಹೇಳಿದ ಮಾತಷ್ಟೇ. ಯುರೋಪಿನ ಎಐ ಕಾಯ್ದೆಯಲ್ಲೂ ಡೀಪ್‌ಫೇಕ್ ಅಂದರೆ ಎಐ ತಯಾರಿಸಿದ ಅಥವಾ ತಿದ್ದಿದ, ನಿಜವಾಗಿ ಇರುವ ವ್ಯಕ್ತಿ, ವಸ್ತು, ಸ್ಥಳ ಮುಂತಾದವನ್ನು ಹೋಲುವ, ಅಸಲಿ ಅಂತ ತಪ್ಪಾಗಿ ನಂಬಿಸುವ ವಿಷಯ. ಸ್ವಂತ ಧ್ವನಿಗೆ ವಿನಾಯಿತಿ ಅಂತ ಆ ವ್ಯಾಖ್ಯೆಯಲ್ಲಿ ಇಲ್ಲ.

ನೀವೇ ಓದಿದ ಪಾಠದಲ್ಲಿ ಬಾಗಿಲು ಬಡಿದ ಸದ್ದಿಗೆ ಒಂದು ಪದ ಮುಚ್ಚಿಹೋಗಿದೆ, ಅಷ್ಟನ್ನು ಕ್ಲೋನ್‌ನಿಂದ ತುಂಬಿದಿರಿ. ಅದಕ್ಕೆ ವಿವರಣೆಯಲ್ಲಿ ಒಂದು ಸಾಲು ಸಾಕು ಅನ್ನೋದು ನನ್ನ ಅಭಿಪ್ರಾಯ. ಅದೇ ಪಾಠದಲ್ಲಿ ಔಷಧದ ಪ್ರಮಾಣವನ್ನು ಬದಲಿಸಬೇಕಿದ್ದರೆ, ಅಥವಾ "ನಾನು ಕಣ್ಣಾರೆ ನೋಡಿದೆ" ಅನ್ನೋ ಸಾಲು ಸೇರಿಸಬೇಕಿದ್ದರೆ, ಕ್ಲೋನ್ ಬದಿಗಿಟ್ಟು ಮೈಕ್ ಆನ್ ಮಾಡಿ. ಆ ಸಾಲನ್ನು ಹೇಳೋಕೆ ಬೇಕಾಗೋದು ನಾಲ್ಕೈದು ಸೆಕೆಂಡ್.